ದ್ವಾರಕೆಯ ಹೋಟೆಲ್ ಬಿಲ್ಲು, ಹಾಸನದಿಂದ ಹೋದ ದೂರು ಪತ್ರ

ಹೋಟೆಲಿನಿಂದ ದುಡ್ಡು ವಾಪಸ್ ಬಂದಿದೆ. ಇನ್ನೂ ಎಲ್ಲಾ ನೆನಪಿರುವಾಗಲೇ ಬರೆದಿಡೋಣ ಅಂತ ಕೂತಿದ್ದೇನೆ. ಬೇರೆ ರಾಜ್ಯಕ್ಕೆ ಹೋಗಿ, ಓದಲು ಬಾರದ ಭಾಷೆಯ ಬಿಲ್ಲಿಗೆ ದುಡ್ಡು ಕೊಟ್ಟು, ಮನೆಗೆ ಬಂದ ಮೇಲೆ ತಲೆ ಕೆರೆದುಕೊಳ್ಳುವವರಿಗೆ ಇದು ಉಪಯೋಗಕ್ಕೆ ಬರಬಹುದು.

ಚಳಿಗಾಲದ ರಜೆಯಲ್ಲಿ ನಾವು ಸೋಮನಾಥ, ದ್ವಾರಕೆ ನೋಡಿಕೊಂಡು ಬರಲು ಹೋಗಿದ್ದೆವು. ನಾನು, ನಮ್ಮವರು, ಅತ್ತೆ, ಮಗ, ನಾದಿನಿ. ದ್ವಾರಕೆಯಲ್ಲಿ ಎರಡು ರೂಮು, ಎರಡು ರಾತ್ರಿ. ಬುಕಿಂಗ್ ಆ್ಯಪ್‌ನಲ್ಲಿ ಮೊದಲೇ ದುಡ್ಡು ಕಟ್ಟಿದ್ದೆವು. ಒಂದು ರೂಮಿಗೆ ಒಂದು ರಾತ್ರಿಗೆ 2,000 ರೂಪಾಯಿ. ಒಟ್ಟು ಬಾಡಿಗೆ 8,000, ಅದರ ಮೇಲೆ ಶೇಕಡಾ 5 ಜಿಎಸ್‌ಟಿ 400. ಹೀಗೆ 8,400 ಕಟ್ಟಿದ ವೋಚರ್ ಫೋನಿನಲ್ಲಿತ್ತು.

ಹೊರಡುವ ದಿನ ಬೆಳಿಗ್ಗೆ ಕೌಂಟರಿನ ಹುಡುಗ ಒಂದು ಸಣ್ಣ ಪುಸ್ತಕ ಮುಂದಿಟ್ಟ. ಪೆನ್ನಿನಲ್ಲಿ ಗುಜರಾತಿಯಲ್ಲಿ ಬರೆದ ಐದು ಸಾಲು, ಕೆಳಗೆ ಮೊತ್ತ. ಅಂಕಿಗಳೂ ಗುಜರಾತಿಯವೇ. "ಪಾಂಚ್ ಹಜಾರ್ ಏಕ್ ಸೌ ಚೌಂತೀಸ್" ಅಂದ. ಏನೇನು ಅಂತ ಕೇಳಿದರೆ ಗಾದಿ, ಊಟ, ಟ್ಯಾಕ್ಸ್ ಅಂತ ಬಡಬಡ ಹೇಳಿದ. ಹೊರಗೆ ಟ್ಯಾಕ್ಸಿಯವನು ಹಾರ್ನ್ ಹೊಡೆಯುತ್ತಿದ್ದ. ಹಾಳೆ ಹರಿದು ಕೊಡಿ ಅಂದರೆ ಕೊಡಲಿಲ್ಲ, ಅದು ಅವರ ಪುಸ್ತಕವಂತೆ. ಮಗ ಫೋಟೋ ತೆಗೆದ. ನಮ್ಮವರು ಯುಪಿಐನಲ್ಲಿ 5,134 ಕಟ್ಟಿದರು. ಕ್ಯೂಆರ್ ಕೋಡಿನಲ್ಲಿ ಬಂದಿದ್ದು ಹೋಟೆಲಿನ ಹೆಸರಲ್ಲ, ಯಾರೋ ಒಬ್ಬ ಮನುಷ್ಯನ ಹೆಸರು.

ಇಲ್ಲೇ ಒಂದು ಮಾತು. ಬಿಲ್ಲಿನ ಫೋಟೋ ತೆಗೆದರೆ ಹಾಳೆಯ ನಾಲ್ಕೂ ಮೂಲೆ ಬರುವ ಹಾಗೆ ತೆಗೆಯಿರಿ. ತಲೆಬರಹ, ತಾರೀಖು, ಸಹಿ ಏನಿದ್ದರೂ ಸೇರಿರಲಿ. ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಿದರೆ ಅದು ಕುಗ್ಗಿ, ಪೆನ್ನಿನ ಗೆರೆಗಳೆಲ್ಲ ಮಸುಕಾಗುತ್ತವೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಮೂಲ ಫೈಲ್ ಹಾಗೇ ಹೋಗುತ್ತದೆ, ತೆಗೆದ ಸಮಯವೂ ಅದರಲ್ಲಿ ಉಳಿಯುತ್ತದೆ. ಕೈಯಲ್ಲಿ ಕಾಗದ ಇಲ್ಲದಿರುವಾಗ ಆ ಫೈಲೇ ನಿಮ್ಮ ಬಿಲ್ಲು. ಅದನ್ನು ಫೋನಿನಿಂದ ಅಳಿಸಬೇಡಿ.

ಹಾಸನಕ್ಕೆ ಬಂದು, ಬಟ್ಟೆ ಒಗೆದು, ಖರ್ಚು ಬರೆಯಲು ಕೂತಾಗ ತಲೆಬಿಸಿ ಶುರುವಾಯಿತು. ನನ್ನ ಕೆಲಸವೇ ಲೆಕ್ಕ ಬರೆಯುವುದು. ಅತ್ತೆಗೆ ಮಂಚದ ಮೇಲೆ ಜಾಗ ಸಾಲದೆ ಒಂದು ಹಾಸಿಗೆ ಜಾಸ್ತಿ ಹಾಕಿಸಿಕೊಂಡಿದ್ದೆವು. ರಾತ್ರಿಗೆ 500 ಅಂತ ಮೊದಲೇ ಮಾತಾಗಿತ್ತು. ಎರಡು ರಾತ್ರಿಗೆ ಸಾವಿರ. ಊಟ, ತಿಂಡಿ, ಚಹಾ ಎಲ್ಲ ಸೇರಿ 1,840 ಆಗಿತ್ತು, ಅದನ್ನು ನಾನೇ ಆಗಾಗ ಬರೆದುಕೊಂಡಿದ್ದೆ. ಎರಡೂ ಸೇರಿ 2,840. ಮಿಕ್ಕ 2,294 ರೂಪಾಯಿ ಯಾವುದಕ್ಕೆ?

ಫೋನಿನ ಅನುವಾದದ ಆ್ಯಪ್‌ಗೆ ಫೋಟೋ ತೋರಿಸಿದೆವು. ಅಚ್ಚಾದ ಅಕ್ಷರವಾಗಿದ್ದರೆ ಅದು ಚೆನ್ನಾಗಿಯೇ ಓದುತ್ತದೆ. ಕೈಬರಹಕ್ಕೆ ಬಂದರೆ ಕಷ್ಟ. ಹಾಸಿಗೆಗೆ ಒಂಬತ್ತು ಸಾವಿರ ಅಂತ ತೋರಿಸಿತು, ಒಟ್ಟು ಮೊತ್ತ 5,934 ಅಂತ. ಹಾಸಿಗೆಯೊಂದೇ ಒಂಬತ್ತು ಸಾವಿರ ಆದರೆ ಒಟ್ಟು ಐದು ಸಾವಿರ ಚಿಲ್ಲರೆ ಹೇಗಾಗುತ್ತದೆ? ಗುಜರಾತಿಯ ಒಂದು ನೋಡಲು ಇಂಗ್ಲಿಷಿನ ಒಂಬತ್ತರ ಹಾಗೇ ಇರುತ್ತದೆ. ಎಡವಟ್ಟು ಅಲ್ಲೇ ಆಗಿತ್ತು. ಹೀಗೆ ಅನುವಾದ ಮಾಡಿದಾಗ ಮೊದಲು ಮಾಡಬೇಕಾದ್ದು, ಸಾಲುಗಳನ್ನು ಕೂಡಿ ಮೊತ್ತಕ್ಕೆ ತಾಳೆ ನೋಡುವುದು. ಆಮೇಲೆ ಆ ಮೊತ್ತವನ್ನು ಬ್ಯಾಂಕಿನಿಂದ ಹೋದ ದುಡ್ಡಿಗೆ ತಾಳೆ ನೋಡುವುದು. ಯುಪಿಐ ರಸೀದಿಯಲ್ಲಿ 5,134 ಅಂತ ಇತ್ತು. ಅಲುಗಾಡದ ಅಂಕಿ ಅಂತ ನಮ್ಮ ಹತ್ತಿರ ಇದ್ದದ್ದು ಅದೊಂದೇ.

ಆ್ಯಪ್ ನಂಬಿ ಪತ್ರ ಬರೆಯುವ ಹಾಗಿರಲಿಲ್ಲ. ಮನೆ ರಿಪೇರಿ ಮಾಡಿಸುವಾಗ ಬಿ.ಎಂ. ರಸ್ತೆಯ ಕಡೆ ಒಂದು ಪ್ಲೈವುಡ್ ಅಂಗಡಿಯಲ್ಲಿ ಸಾಮಾನು ತಂದಿದ್ದೆವು. ಅಂಗಡಿಯ ಸೇಠು ಕಛ್ ಕಡೆಯವರು, ನಮ್ಮ ಹಾಗೇ ಕನ್ನಡ ಮಾತಾಡುತ್ತಾರೆ. ನಮ್ಮೂರುಗಳಲ್ಲಿ ಪ್ಲೈವುಡ್, ಮರದ ವ್ಯಾಪಾರದಲ್ಲಿ ಕಛ್‌ನವರು ಸಿಗುವುದು ಹೊಸದೇನಲ್ಲ. ಸಂಜೆ ಗಿರಾಕಿ ಕಡಿಮೆಯಾಗುವವರೆಗೆ ಕಾದು ಫೋಟೋ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರು.

"ಅಕ್ಕಾ, ಇದು ಬಿಲ್ ಅಲ್ಲ, ಚೀಟಿ. ಜಿಎಸ್‌ಟಿ ನಂಬರೇ ಇಲ್ವಲ್ಲ" ಅಂದರು.

ಅವರು ಒಂದೊಂದೇ ಸಾಲು ಓದಿದರು, ನಾನು ಬರೆದುಕೊಂಡೆ. ಗಾದಿ 1,000. ಊಟ 1,840. ಸೇವಾ 984. ಟ್ಯಾಕ್ಸ್ 960. ಇತರೆ 350. ಕೂಡಿದರೆ ಸರಿಯಾಗಿ 5,134. ಅಬ್ಬಾ, ಓದುವುದಂತೂ ಸರಿಯಾಯಿತು.

ಸೇವಾ ಅಂದರೆ ದೇವಸ್ಥಾನದ ಸೇವೆಯೋ, ಹೋಟೆಲಿನ ಸರ್ವಿಸ್ ಚಾರ್ಜೋ? ಬರೀ ಓದಿದರೆ ಹೇಳಲು ಆಗುವುದಿಲ್ಲ ಅಂತ ಸೇಠು ಅಂದರು. ಅಂಕಿ ಹೇಳಿತು. ದೇವರ ಸೇವೆಗೆ ಯಾರೂ 984 ರೂಪಾಯಿ ಇಡುವುದಿಲ್ಲ, ಅಲ್ವಾ? ಅದು ಯಾವುದರದ್ದೋ ಶೇಕಡಾವಾರು ಲೆಕ್ಕ. ಅದು 9,840ರ ಹತ್ತು ಪರ್ಸೆಂಟ್. ರೂಮಿನ ಬಾಡಿಗೆ 8,000ಕ್ಕೆ ಊಟದ 1,840 ಸೇರಿಸಿದರೆ ಬರುವುದೂ 9,840. ಅಂದರೆ ಆ್ಯಪ್‌ನಲ್ಲಿ ಮೊದಲೇ ಕಟ್ಟಿದ ಬಾಡಿಗೆಯ ಮೇಲೂ ಸರ್ವಿಸ್ ಚಾರ್ಜ್ ಹಾಕಿದ್ದಾರೆ. ಟ್ಯಾಕ್ಸ್ 960 ಎಲ್ಲಿಂದ ಬಂತು ಅಂತ ಅದೇ ರೀತಿ ಹುಡುಕಿದೆ. ಅದು 8,000ದ ಹನ್ನೆರಡು ಪರ್ಸೆಂಟ್.

ಹನ್ನೆರಡು ಅನ್ನುವುದು ಹಳೆಯ ದರ. ದಿನಕ್ಕೆ 7,500 ರೂಪಾಯಿವರೆಗಿನ ರೂಮುಗಳಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇಕಡಾ 5ಕ್ಕೆ ಇಳಿದಿದೆ. ನಾವು ಹೋಗಿದ್ದು ಅದಾದ ಮೇಲೆ. ದರದ ಮಾತು ಹಾಗಿರಲಿ, ಬಾಡಿಗೆಯ ತೆರಿಗೆಯನ್ನು ನಾವು ವೋಚರಿನಲ್ಲೇ ಕಟ್ಟಿದ್ದೆವು. ಅದನ್ನು ಸರ್ಕಾರಕ್ಕೆ ಹೋಟೆಲಿನವರು ಕಟ್ಟುತ್ತಾರೋ ಆ್ಯಪ್‌ನವರು ಕಟ್ಟುತ್ತಾರೋ ಅದು ಅವರವರ ವ್ಯವಹಾರ. ಒಂದೇ ಬಾಡಿಗೆಗೆ ಗಿರಾಕಿ ಎರಡು ಸಲ ತೆರಿಗೆ ಕಟ್ಟಬೇಕಾಗಿಲ್ಲ.

ಹೀಗೆ ಹಿಂದಕ್ಕೆ ಲೆಕ್ಕ ಹಾಕಿ ನೋಡುವುದು ನನ್ನ ಪ್ರಕಾರ ಇಡೀ ಕೆಲಸದ ಜೀವ. "ಜಾಸ್ತಿ ತಗೊಂಡಿದ್ದೀರಿ" ಅಂತ ಬರೆದರೆ ಅವರು "ಇಲ್ಲ" ಅಂತಾರೆ, ಮಾತು ಮುಗಿಯಿತು. "ನಾಲ್ಕನೇ ಸಾಲಿನ 960 ರೂಪಾಯಿ 8,000ದ ಶೇಕಡಾ 12 ಆಗುತ್ತದೆ, ಆ 8,000ಕ್ಕೆ ತೆರಿಗೆ ಕಟ್ಟಿದ ವೋಚರ್ ಇದೋ" ಅಂತ ಬರೆದರೆ ಇಲ್ಲ ಅನ್ನಲು ಜಾಗ ಇರುವುದಿಲ್ಲ.

ಸರ್ವಿಸ್ ಚಾರ್ಜ್ ಬಗ್ಗೆ ಸ್ವಲ್ಪ ಓದಿಕೊಂಡೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿದೆ. ಹೋಟೆಲು, ರೆಸ್ಟೋರೆಂಟುಗಳು ಸರ್ವಿಸ್ ಚಾರ್ಜನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವ ಹಾಗಿಲ್ಲ, ಬೇರೆ ಹೆಸರಿಟ್ಟು ವಸೂಲಿ ಮಾಡುವ ಹಾಗೂ ಇಲ್ಲ. ಕೊಡುವುದು ಬಿಡುವುದು ಗಿರಾಕಿಯ ಇಷ್ಟ. ಹೋಟೆಲ್, ರೆಸ್ಟೋರೆಂಟ್ ಸಂಘಗಳು ಇದರ ವಿರುದ್ಧ ಕೋರ್ಟಿಗೆ ಹೋಗಿದ್ದವು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಅವರ ಅರ್ಜಿಗಳನ್ನು ವಜಾ ಮಾಡಿ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. 'ಬೇರೆ ಹೆಸರಿನಲ್ಲೂ ಇಲ್ಲ' ಅನ್ನುವ ಮಾತು ನಮ್ಮ 'ಸೇವಾ' ಸಾಲಿಗೆ ಸರಿಯಾಗಿ ಕೂರುತ್ತಿತ್ತು.

ಈಗ ಎಷ್ಟು ಕೇಳಬೇಕು? ನಮ್ಮವರು 2,294 ಪೂರ್ತಿ ಕೇಳು ಅಂದರು. ನನಗೆ ಅದು ಸರಿ ಕಾಣಲಿಲ್ಲ. ಹಾಸಿಗೆ, ಊಟ ನಾವು ಅಲ್ಲೇ ತಗೊಂಡಿದ್ದು. ಹೋಟೆಲಿಗೆ ಜಿಎಸ್‌ಟಿ ನೋಂದಣಿ ಇದ್ದರೆ ಅವುಗಳ ಮೇಲೆ ಶೇಕಡಾ 5 ಹಾಕುವ ಹಕ್ಕು ಅವರಿಗಿದೆ. 2,840ಕ್ಕೆ 142 ರೂಪಾಯಿ. ಅದನ್ನು ಬಿಟ್ಟರೆ ತೆರಿಗೆಯಲ್ಲಿ ಜಾಸ್ತಿ ತಗೊಂಡಿದ್ದು 818. ಅದಕ್ಕೆ ಸೇವಾ 984 ಸೇರಿಸಿದರೆ 1,802. 'ಇತರೆ 350' ಏನು ಅಂತಲೇ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ವಾಪಸ್ ಕೊಡಿ ಅನ್ನುವುದಕ್ಕಿಂತ ವಿವರ ಕೇಳುವುದೇ ನ್ಯಾಯ.

ಹೋಟೆಲಿಗೆ ನೋಂದಣಿ ಇದೆಯೋ ಇಲ್ಲವೋ ಅಂತ ತಿಳಿಯುವುದು ಸುಲಭ, ನಂಬರ್ ಸಿಕ್ಕರೆ. ನಮ್ಮ ಚೀಟಿಯಲ್ಲಿ ಇರಲಿಲ್ಲ, ಬುಕಿಂಗ್ ವೋಚರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇತ್ತು. ಹದಿನೈದು ಅಕ್ಷರದ ನಂಬರು ಅದು. ಮೊದಲ ಎರಡು ಅಂಕಿ ರಾಜ್ಯದ್ದು: ಗುಜರಾತಿಗೆ 24, ನಮಗೆ 29. ಜಿಎಸ್‌ಟಿ ವೆಬ್‌ಸೈಟಿನಲ್ಲಿ Search Taxpayer ಅಂತ ಇದೆ, ಲಾಗಿನ್ ಏನೂ ಬೇಡ. ನಂಬರ್ ಹಾಕಿದರೆ ವ್ಯಾಪಾರದ ಹೆಸರು, ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎಲ್ಲ ಬರುತ್ತದೆ. ನಮ್ಮದು ಚಾಲ್ತಿಯಲ್ಲಿತ್ತು. ರದ್ದಾಗಿದ್ದರೆ ಕಥೆಯೇ ಬೇರೆ. ನೋಂದಣಿ ಇಲ್ಲದವರು ಜಿಎಸ್‌ಟಿ ಅಂತ ಒಂದು ರೂಪಾಯಿಯನ್ನೂ ತಗೊಳ್ಳುವ ಹಾಗಿಲ್ಲ, ಆಗ ಆ 142ನ್ನೂ ಕೇಳಬಹುದಿತ್ತು.

ಪತ್ರ ಬರೆಯುವ ಮೊದಲು ಅನುವಾದವನ್ನು ಒಂದು ಹಾಳೆಯಲ್ಲಿ ಟೈಪ್ ಮಾಡಿದೆ. ಚೀಟಿಯಲ್ಲಿ ಇರುವ ಕ್ರಮದಲ್ಲೇ ಸಾಲು ಒಂದು, ಎರಡು ಅಂತ ನಂಬರ್ ಹಾಕಿದೆ. ಪ್ರತಿ ಸಾಲಿನಲ್ಲಿ ಗುಜರಾತಿ ಪದ, ಅದರ ಪಕ್ಕ ಇಂಗ್ಲಿಷ್ ಅರ್ಥ, ಕೊನೆಗೆ ಮೊತ್ತ. 'ಸೇವಾ' ಅನ್ನುವಲ್ಲಿ 'ಸೇವೆ' ಅಂತಷ್ಟೇ ಬರೆದೆ, ಸರ್ವಿಸ್ ಚಾರ್ಜ್ ಅಂತ ಅಲ್ಲಿ ಬರೆಯಲಿಲ್ಲ. ಅದು ನನ್ನ ಲೆಕ್ಕದಿಂದ ಬಂದ ತೀರ್ಮಾನ, ಚೀಟಿಯಲ್ಲಿ ಇರುವ ಮಾತಲ್ಲ. ತೀರ್ಮಾನ ಪತ್ರದಲ್ಲಿ ಬರಲಿ, ಅನುವಾದದಲ್ಲಿ ಬೇಡ. ಕೆಳಗೆ "ನನಗೆ ಗುಜರಾತಿ ಓದಲು ಬರುತ್ತದೆ, ಫೋಟೋ ನೋಡಿ ಸರಿಯಾಗಿ ಹೇಳಿದ್ದೇನೆ" ಅಂತ ಸೇಠು ಸಹಿ ಹಾಕಿ, ತಾರೀಖು ಬರೆದು ಕೊಟ್ಟರು. ದುಡ್ಡು ಕೇಳಲಿಲ್ಲ. ಅವರ ಅಂಗಡಿಯಲ್ಲೇ ಚಹಾ ಕುಡಿಸಿ ಕಳಿಸಿದರು.

ಪತ್ರವನ್ನು ಇಂಗ್ಲಿಷಿನಲ್ಲಿ ಬರೆದೆ, ಒಂದು ಪುಟ ಮೀರಬಾರದು ಅಂತ. ಮೊದಲ ಸಲ ಬರೆದದ್ದರಲ್ಲಿ ಸಿಟ್ಟು ಜಾಸ್ತಿ ಇತ್ತು. ಮಾರನೆಯ ದಿನ ಓದಿ 'ಮೋಸ', 'ಲೂಟಿ' ಅನ್ನುವ ಪದಗಳನ್ನೆಲ್ಲ ಹೊಡೆದು ಹಾಕಿದೆ. ಕೊನೆಗೆ ಉಳಿದದ್ದರ ಸಾರ ಕನ್ನಡದಲ್ಲಿ ಹೀಗಿದೆ:

"ನಾವು ಈ ಬುಕಿಂಗ್ ನಂಬರಿನಲ್ಲಿ, ಈ ತಾರೀಖಿನಿಂದ ಈ ತಾರೀಖಿನವರೆಗೆ ನಿಮ್ಮಲ್ಲಿ ಎರಡು ರೂಮುಗಳಲ್ಲಿ ಇದ್ದೆವು. ಹೊರಡುವಾಗ ಕೈಬರಹದ ಚೀಟಿಯ ಪ್ರಕಾರ 5,134 ರೂಪಾಯಿಯನ್ನು ಯುಪಿಐ ಮೂಲಕ ಕೊಟ್ಟಿದ್ದೇವೆ. ಚೀಟಿಯ ಫೋಟೋ, ಅದರ ಅನುವಾದ, ಪಾವತಿಯ ರಸೀದಿ, ವೋಚರ್ ಜೊತೆಗಿವೆ.

ಸಾಲು 1 ಮತ್ತು 2, ಹಾಸಿಗೆ ಮತ್ತು ಊಟ, 2,840 ರೂಪಾಯಿ. ಇದನ್ನು ಒಪ್ಪುತ್ತೇವೆ. ಇದರ ಮೇಲಿನ ಶೇಕಡಾ 5 ತೆರಿಗೆ 142 ರೂಪಾಯಿಯನ್ನೂ, ಜಿಎಸ್‌ಟಿ ನಂಬರ್ ಇರುವ ಸರಿಯಾದ ಬಿಲ್ ಕೊಟ್ಟರೆ ಒಪ್ಪುತ್ತೇವೆ.

ಸಾಲು 3, 984 ರೂಪಾಯಿ. ಇದು ಬಾಡಿಗೆ ಮತ್ತು ಊಟದ ಮೊತ್ತದ ಸರಿಯಾಗಿ ಶೇಕಡಾ 10. ಇದು ಸರ್ವಿಸ್ ಚಾರ್ಜ್ ಆಗಿದ್ದರೆ ನಮ್ಮ ಒಪ್ಪಿಗೆ ಕೇಳಿಲ್ಲ. ಬೇರೆ ಏನಾದರೂ ಆಗಿದ್ದರೆ ಏನೆಂದು ತಿಳಿಸಿ.

ಸಾಲು 4, 960 ರೂಪಾಯಿ. ಇದು ಬಾಡಿಗೆಯ ಶೇಕಡಾ 12. ಬಾಡಿಗೆಯ ತೆರಿಗೆ ವೋಚರಿನಲ್ಲಿ ಕಟ್ಟಿಯಾಗಿದೆ.

ಸಾಲು 5, ಇತರೆ 350 ರೂಪಾಯಿ. ಇದು ಯಾವುದಕ್ಕೆ ಎಂದು ವಿವರ ಕೊಡಿ.

ಪತ್ರ ತಲುಪಿದ 15 ದಿನದ ಒಳಗೆ 1,802 ರೂಪಾಯಿಯನ್ನು ದುಡ್ಡು ಬಂದ ಖಾತೆಗೇ ಮರಳಿಸಿ, ಬಿಲ್ ಕಳಿಸಿ. ಇಲ್ಲದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಅಗತ್ಯ ಬಿದ್ದರೆ ಹಾಸನ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇವೆ."

ಹಾಸನದ ಆಯೋಗ ಅಂತ ಬರೆದದ್ದು ಸುಮ್ನೆ ಬೆದರಿಕೆಯಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರುದಾರರು ತಾವು ಇರುವ ಊರಿನ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ದುಡ್ಡು ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ತೊಂದರೆಯಾದ ದಿನದಿಂದ ಎರಡು ವರ್ಷ ಕಾಲಾವಕಾಶ ಇದೆ. ಇದಕ್ಕಾಗಿ ಗುಜರಾತಿಗೆ ಓಡಾಡಬೇಕಾಗಿಲ್ಲ ಅಂತ ಹೋಟೆಲಿನವರಿಗೂ ಗೊತ್ತಾಗಲಿ ಅಂತಲೇ ಆ ಸಾಲು ಹಾಕಿದ್ದು. ಆಯೋಗದವರೆಗೆ ಹೋಗುವುದಾದರೆ ಫೋಟೋದಂಥ ಡಿಜಿಟಲ್ ಸಾಕ್ಷಿಗೆ ಒಂದು ಪ್ರಮಾಣಪತ್ರ ಜೊತೆಗಿಡಬೇಕಾಗಬಹುದು, ಹೊಸ ಸಾಕ್ಷ್ಯ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ. ಫೋಟೋ ತೆಗೆದ ಫೋನನ್ನು ಮಾರದೆ ಇಟ್ಟುಕೊಳ್ಳಿ ಅನ್ನಲು ಅದೂ ಒಂದು ಕಾರಣ.

ಪತ್ರವನ್ನು ಇಮೇಲ್ ಮಾಡಿದೆ, ಕಾಗದದ ಪ್ರತಿಯನ್ನು ಹೆಡ್ ಪೋಸ್ಟ್ ಆಫೀಸಿನಿಂದ ಸ್ಪೀಡ್ ಪೋಸ್ಟ್ ಮಾಡಿದೆ. ಇಮೇಲ್ ನೋಡಲೇ ಇಲ್ಲ ಅನ್ನಬಹುದು, ಅಂಚೆ ತಲುಪಿದ್ದಕ್ಕೆ ದಾಖಲೆ ಇರುತ್ತದೆ. ಟ್ರ್ಯಾಕಿಂಗ್ ಪುಟದಲ್ಲಿ ತಲುಪಿದೆ ಅಂತ ಬಂದ ದಿನವೇ ಅದರ ಪ್ರಿಂಟ್ ತೆಗೆದಿಟ್ಟೆ. ಪ್ರಿಂಟು, ಜೆರಾಕ್ಸು, ಅಂಚೆ ಎಲ್ಲ ಸೇರಿ ಇನ್ನೂರು ರೂಪಾಯಿಯೂ ಆಗಲಿಲ್ಲ.

ಆಮೇಲೆ ಕಾಯುವುದು. ಉತ್ತರವೇ ಇಲ್ಲ. ಮನೆಯಲ್ಲಿ ಅತ್ತೆ, "ಕೃಷ್ಣನ ಊರಲ್ಲಿ ಹೋಗಿದ್ದು ಹೋಯ್ತು, ಬಿಡೇ" ಅಂದರು. ನಾದಿನಿ ಮಾತ್ರ ಬಿಡಬೇಡ ಅಂದಳು. ನನಗೂ ಒಮ್ಮೊಮ್ಮೆ ಇದೇನು ಎರಡು ಸಾವಿರಕ್ಕೆ ಇಷ್ಟು ಗೋಳು ಅನ್ನಿಸುತ್ತಿತ್ತು. ಆಮೇಲೆ ಒಂದು ಮಧ್ಯಾಹ್ನ ಆಫೀಸಿನಲ್ಲಿರುವಾಗ ಮ್ಯಾನೇಜರ್ ಫೋನ್ ಮಾಡಿದ. ಹಿಂದಿಯಲ್ಲಿ ಬಹಳ ಮರ್ಯಾದೆಯಿಂದಲೇ ಮಾತಾಡಿದ. ಸೇವಾ ದುಡ್ಡು ಕೆಲಸದ ಹುಡುಗರಿಗೆ ಹೋಗುತ್ತದೆ, ಮುಂದಿನ ಸಲ ಬಂದಾಗ ರೂಮಿನಲ್ಲಿ ಡಿಸ್ಕೌಂಟ್ ಕೊಡುತ್ತೇನೆ ಅಂದ. ಹಾಸನದಿಂದ ದ್ವಾರಕೆಗೆ ನಾವು ಮತ್ತೆ ಯಾವಾಗ ಹೋಗುವುದು! "ಹೇಳಿದ್ದನ್ನು ಇಮೇಲಿನಲ್ಲಿ ಬರೆದು ಕಳಿಸಿ" ಅಂದೆ. ಕಳಿಸಲಿಲ್ಲ. ನಾನೇ ಆ ಸಂಜೆ "ನೀವು ಇಂದು ಫೋನಿನಲ್ಲಿ 984 ರೂಪಾಯಿ ಸರ್ವಿಸ್ ಚಾರ್ಜ್ ಎಂದು ಒಪ್ಪಿದ್ದೀರಿ" ಅಂತ ಒಂದು ಸಾಲಿನ ಇಮೇಲ್ ಹಾಕಿದೆ. ಫೋನಿನ ಮಾತಿಗೆ ದಾಖಲೆ ಬೇಕಾದರೆ ಇಷ್ಟು ಮಾಡಿದರೆ ಸಾಕು. ಅದು ತಪ್ಪಾಗಿದ್ದರೆ ಅವರು ತಿದ್ದಬೇಕು. ಅವರು ತಿದ್ದಲಿಲ್ಲ.

ಗಡುವು ಮುಗಿದ ಮೇಲೆ 1915ಕ್ಕೆ ಫೋನ್ ಮಾಡಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಅದು, ಕನ್ನಡದಲ್ಲೂ ಮಾತಾಡಬಹುದು. ದೂರು ಬರೆದುಕೊಂಡು ಡಾಕೆಟ್ ನಂಬರ್ ಕೊಟ್ಟರು, ಕಾಗದಗಳನ್ನು ಅವರ ವೆಬ್‌ಸೈಟಿನಲ್ಲಿ ಹಾಕಿದೆ. ಒಂದು ವಿಷಯ ಗೊತ್ತಿರಲಿ. ಇದು ಕೋರ್ಟಲ್ಲ. ಅವರು ದೂರನ್ನು ಹೋಟೆಲಿಗೆ ಕಳಿಸಿ ಉತ್ತರ ಕೇಳುತ್ತಾರೆ, ದುಡ್ಡು ಕೊಡಿ ಅಂತ ಆದೇಶ ಮಾಡಲು ಅವರಿಗೆ ಅಧಿಕಾರ ಇಲ್ಲ. ಆದರೂ ಹೊರಗಿನಿಂದ ಒಂದು ಕಾಗದ ಬಂದರೆ ಕೆಲವರು ಮೈಮೇಲೆ ನೀರು ಬಿದ್ದವರ ಹಾಗೆ ಎದ್ದು ಕೂರುತ್ತಾರೆ.

ಈ ಸಲ ಉತ್ತರ ಬಂದದ್ದು ಹೋಟೆಲಿನ ಲೆಕ್ಕ ನೋಡುವವರಿಂದ, ಇಮೇಲಿನಲ್ಲಿ. ಜೊತೆಗೆ ಅಚ್ಚಾದ ಬಿಲ್ಲು. ಹಾಸಿಗೆ, ಊಟ, ಅದರ ಮೇಲೆ ತೆರಿಗೆ 142. ಅದನ್ನು ಕೇಂದ್ರಕ್ಕೆ 71, ರಾಜ್ಯಕ್ಕೆ 71 ಅಂತ ಹಂಚಿದ್ದರು. ನಾವು ಕರ್ನಾಟಕದವರಾದರೂ ಹೋಟೆಲು ಇರುವ ರಾಜ್ಯಕ್ಕೇ ತೆರಿಗೆ ಹೋಗುವುದರಿಂದ ಅದು ಸರಿಯಾಗಿಯೇ ಇತ್ತು. 1,802 ರೂಪಾಯಿ ಅದೇ ದಿನ ನಮ್ಮವರ ಖಾತೆಗೆ ಬಂತು.

'ಇತರೆ 350' ನಮ್ಮ ಟ್ಯಾಕ್ಸಿ ಡ್ರೈವರನದ್ದಂತೆ. ಡಾರ್ಮಿಟರಿಯಲ್ಲಿ ಮಲಗಿದ್ದಕ್ಕೆ, ರಾತ್ರಿ ಊಟಕ್ಕೆ, ತೆರಿಗೆ ಸೇರಿಸಿ. ಡ್ರೈವರಿಗೆ ಫೋನ್ ಮಾಡಿ ಕೇಳಿದೆ. ಹೌದು, ಮಲಗಿದ್ದೆ, ಊಟ ಮಾಡಿದ್ದೆ, ಸಾಹೇಬರ ಲೆಕ್ಕಕ್ಕೆ ಬರೆಯಿರಿ ಅಂದಿದ್ದೆ ಅಂದ. ಡ್ರೈವರ್ ಬಾಟಾವನ್ನು ನಾವು ಟ್ಯಾಕ್ಸಿ ಮಾಲೀಕನಿಗೆ ಬೇರೆಯಾಗಿ ಕೊಟ್ಟಿದ್ದೆವು, ಹಾಗಾಗಿ ಈ ದುಡ್ಡು ಅವನು ಕೊಡಬೇಕಾದ್ದು. ಹೋಟೆಲಿನವರದ್ದು ಇದರಲ್ಲಿ ತಪ್ಪಿಲ್ಲ, ಪತ್ರದಲ್ಲಿ ಬರೀ ವಿವರ ಕೇಳಿದ್ದು ಒಳ್ಳೆಯದೇ ಆಯಿತು. ಮಾಲೀಕನಿಗೆ ಬಿಲ್ಲಿನ ಪ್ರತಿ ಕಳಿಸಿದ್ದೇನೆ. ನೋಡಿದ್ದಾನೆ, ನೀಲಿ ಗೆರೆ ಬಂದಿದೆ, ದುಡ್ಡು ಬಂದಿಲ್ಲ.

ಸಹಾಯವಾಣಿಯಿಂದ ದೂರು ಬಗೆಹರಿದಿದೆಯೇ ಅಂತ ಮೆಸೇಜ್ ಬಂತು. ಖಾತೆಗೆ ದುಡ್ಡು ಬಂದದ್ದನ್ನು ನೋಡಿ, ಬಿಲ್ಲಿನ ಅಂಕಿಗಳನ್ನು ಇನ್ನೊಮ್ಮೆ ಕೂಡಿ, ಆಮೇಲೆ ಹೌದು ಅಂತ ಒತ್ತಿದೆ. ಹೋಟೆಲಿನವರು ಕೊಡುತ್ತೇವೆ ಅಂತ ಬರೆದ ಕೂಡಲೇ ಒತ್ತಿಬಿಡಬೇಡಿ.